ಸಹಿ ಅಪ್ಪನದು, ಸೋಲು ಮಗನದು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಕಾಗದ ಹುಟ್ಟುತ್ತದೆ. ನೋಟ್‌ಬುಕ್ಕಿನಿಂದ ಹರಿದ ಹಾಳೆ, ಮೇಲೆ ದೇವರ ಹೆಸರು, ಕೆಳಗೆ ಹುಡುಗನ ಕೈಬರಹ. ಇಂದಿನಿಂದ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತೇನೆ, ದಿನಕ್ಕೆ ಹತ್ತು ಗಂಟೆ ಓದುತ್ತೇನೆ, ಮೊಬೈಲ್ ಮುಟ್ಟುವುದಿಲ್ಲ, ಗಣಿತದಲ್ಲಿ ಎಪ್ಪತ್ತು ತೆಗೆಯುತ್ತೇನೆ. ತೆಗೆದರೆ ಅಪ್ಪ ಹೊಸ ಫೋನ್ ಕೊಡಿಸುತ್ತಾರೆ, ತೆಗೆಯದಿದ್ದರೆ ಓದು ಬಿಟ್ಟು ಕೆಲಸಕ್ಕೆ ಹೋಗುತ್ತೇನೆ. ಸಾಕ್ಷಿ: ಅಪ್ಪ. ಇನ್ನೂ ಗಟ್ಟಿಯಾಗಿರಲಿ ಎಂದರೆ ಹೆಡ್ಮಾಸ್ಟರು. ಮತ್ತೂ ಗಟ್ಟಿಯಾಗಬೇಕಾದರೆ ಊರಿನ ಒಬ್ಬ ದೊಡ್ಡ ಮನುಷ್ಯರು.

ಈ ಕಾಗದದ ಹಿಂದೆ ಒಂದು ನಂಬಿಕೆ ಇದೆ. ಸ್ಫೂರ್ತಿ ಭಾಷಣ ಮಾಡುವವರು ಅದನ್ನು ಹೇಳುತ್ತಾರೆ, ಪೋಷಕರ ಸಭೆಯಲ್ಲಿ ಅದನ್ನೇ ಹೇಳುತ್ತಾರೆ, ಟ್ಯೂಷನ್ ಮಾಸ್ತರರೂ ಅದನ್ನೇ ಹೇಳುತ್ತಾರೆ. ಬರೆದು ಕೊಟ್ಟ ಮಾತು ಬಾಯಿಮಾತಿಗಿಂತ ಗಟ್ಟಿ, ಗುರಿ ದೊಡ್ಡದಿದ್ದಷ್ಟೂ ಒಳ್ಳೆಯದು, ಶಿಕ್ಷೆ ಕಠಿಣವಾಗಿದ್ದಷ್ಟೂ ಮಗು ನೆಟ್ಟಗೆ ಓದುತ್ತದೆ, ಮಗು ಯಾರಿಗೆ ಹೆಚ್ಚು ಹೆದರುತ್ತದೋ ಅವರೇ ಸರಿಯಾದ ಸಾಕ್ಷಿ. ಇವುಗಳಲ್ಲಿ ಮೊದಲನೆಯದನ್ನು ನಾನು ಒಪ್ಪುತ್ತೇನೆ. ಉಳಿದ ಮೂರೂ ತಪ್ಪು. ಆ ಮೂರನ್ನೂ ಪಾಲಿಸಿ ಬರೆದ ಕರಾರು ಮಗುವಿಗೆ ಓದನ್ನು ಕಲಿಸುವುದಿಲ್ಲ, ಮುಚ್ಚಿಡುವುದನ್ನು ಕಲಿಸುತ್ತದೆ. ಈ ಲೇಖನದ ವಾದ ಇಷ್ಟೇ.

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಒಂದು ನಿಜವಾದ ಅವಧಿಯನ್ನೇ ಎದುರಿಗೆ ಇಟ್ಟುಕೊಳ್ಳೋಣ. 2024 ಮತ್ತು 2025ರಲ್ಲಿ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳಿದ್ದವು. 2025ರಲ್ಲಿ ಮೊದಲ ಪರೀಕ್ಷೆಯ ಫಲಿತಾಂಶ ಮೇ 2ರಂದು ಬಂತು, ರಾಜ್ಯದ ರೆಗ್ಯುಲರ್ ವಿದ್ಯಾರ್ಥಿಗಳಲ್ಲಿ ಪಾಸಾದವರು ಶೇಕಡಾ 66.14. ಎರಡನೇ ಪರೀಕ್ಷೆ ಶುರುವಾದದ್ದು ಮೇ 26ಕ್ಕೆ. ಅಂದರೆ ಮೂವರಲ್ಲಿ ಒಬ್ಬರ ಮುಂದೆ ಮೂರು ವಾರ ಚಿಲ್ಲರೆ ದಿನಗಳಿದ್ದವು. ಶಾಲೆಗೆ ಬೇಸಿಗೆ ರಜೆ, ಹೊರಗೆ ಮೇ ತಿಂಗಳ ಬಿಸಿಲು, ಮನೆಯಲ್ಲಿ ಕೆಲಸ. ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹಳ್ಳಿ ಹುಡುಗನೊಬ್ಬ ಗಣಿತದಲ್ಲಿ ಫೇಲಾಗಿದ್ದಾನೆ ಎನ್ನೋಣ. ಮೇಲೆ ಹೇಳಿದ ಕಾಗದವನ್ನು ಅವನು ಬರೆಯುವುದು ಇಂಥ ದಿನಗಳಲ್ಲೇ.

ಆ ಕಾಗದದ ಮೊದಲ ದೋಷ ಅದರ ನಿಯಮದಲ್ಲಿದೆ. "ಎಪ್ಪತ್ತು ತೆಗೆಯುತ್ತೇನೆ" ಎಂಬುದು ನಿಯಮವಲ್ಲ, ಆಸೆ. ಎಪ್ಪತ್ತು ಅವನ ಕೈಯಲ್ಲಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರ ಕೈಯಲ್ಲಿ ಒಂದಿಷ್ಟಿದೆ, ತಿದ್ದುವವರ ಕೈಯಲ್ಲಿ ಒಂದಿಷ್ಟಿದೆ, ಐದನೇ ತರಗತಿಯಲ್ಲಿ ಅವನು ಕಲಿಯದೆ ಉಳಿಸಿಕೊಂಡ ಭಿನ್ನರಾಶಿಯ ಕೈಯಲ್ಲಿ ಬಹಳಷ್ಟಿದೆ. ಅವನ ಕೈಯಲ್ಲಿರುವುದು ಇವತ್ತು ಎಷ್ಟು ಲೆಕ್ಕ ಬಿಡಿಸಿದ ಎಂಬುದು ಮಾತ್ರ.

ಇದು ಬರೀ ತರ್ಕವಲ್ಲ. ಅಮೆರಿಕದಲ್ಲಿ ರೋಲಂಡ್ ಫ್ರೈಯರ್ ಎಂಬ ಅರ್ಥಶಾಸ್ತ್ರಜ್ಞ ಹಲವು ನಗರಗಳ ನೂರಾರು ಶಾಲೆಗಳಲ್ಲಿ ಮಕ್ಕಳಿಗೆ ದುಡ್ಡು ಕೊಟ್ಟು ಓದಿಸುವ ಪ್ರಯೋಗ ಮಾಡಿ 2011ರಲ್ಲಿ ಅದರ ಫಲ ಪ್ರಕಟಿಸಿದರು. ನ್ಯೂಯಾರ್ಕಿನಲ್ಲಿ ಪರೀಕ್ಷೆಯ ಅಂಕಕ್ಕೆ ದುಡ್ಡು ಇಟ್ಟರು. ಡಲ್ಲಾಸಿನಲ್ಲಿ ಎರಡನೇ ತರಗತಿಯ ಮಕ್ಕಳಿಗೆ ಒಂದು ಪುಸ್ತಕ ಓದಿ ಅದರ ಮೇಲಿನ ಚಿಕ್ಕ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದರೆ ಎರಡು ಡಾಲರ್ ಕೊಟ್ಟರು. ಅಂಕಕ್ಕೆ ಕೊಟ್ಟ ದುಡ್ಡಿನಿಂದ ಅಂಕ ಏರಲಿಲ್ಲ. ಪುಸ್ತಕಕ್ಕೆ ಕೊಟ್ಟ ಎರಡು ಡಾಲರಿನಿಂದ ಮಕ್ಕಳ ಓದಿನ ಶಕ್ತಿ ಸುಧಾರಿಸಿತು. ಕಾರಣ ಹುಡುಕುತ್ತಾ, ಹೆಚ್ಚು ದುಡ್ಡು ಗಳಿಸಲು ನೀವು ಏನು ಮಾಡಬಹುದು ಎಂದು ನ್ಯೂಯಾರ್ಕಿನ ಮಕ್ಕಳನ್ನು ಕೇಳಿದರು. ಪ್ರಶ್ನೆಯನ್ನು ಗಮನವಿಟ್ಟು ಓದಬೇಕು, ಬರೆದದ್ದನ್ನು ಇನ್ನೊಮ್ಮೆ ನೋಡಬೇಕು ಎಂದರೇ ಹೊರತು, ಮನೆಯಲ್ಲಿ ಇನ್ನಷ್ಟು ಓದಬೇಕು, ತಿಳಿಯದ್ದನ್ನು ಟೀಚರ್ ಹತ್ತಿರ ಕೇಳಬೇಕು ಎನ್ನುವ ಮಾತು ಅವರ ಬಾಯಲ್ಲಿ ಬರಲಿಲ್ಲ. ಬಹುಮಾನ ಬೇಕೆಂಬ ಆಸೆ ಅವರಿಗೆ ಬೇಕಾದಷ್ಟಿತ್ತು. ಅದಕ್ಕೆ ಹೋಗುವ ದಾರಿ ಗೊತ್ತಿರಲಿಲ್ಲ.

ನಮ್ಮ ಹುಡುಗನ ಕಥೆಯೂ ಇದೇ. ಫೋನಿನ ಆಸೆ ಅವನಿಗಿಲ್ಲವೆಂದಲ್ಲ. ನಾಳೆ ಬೆಳಿಗ್ಗೆ ಗಣಿತದ ಪುಸ್ತಕ ತೆಗೆದಾಗ ಮೊದಲು ಯಾವ ಪುಟ ತೆರೆಯಬೇಕೆಂಬುದು ಅವನಿಗೆ ಗೊತ್ತಿಲ್ಲ. ಕರಾರು ಅದನ್ನು ಹೇಳದಿದ್ದರೆ ಇನ್ನೇನನ್ನು ಹೇಳಿದರೂ ಅಷ್ಟೇ.

ಹತ್ತು ಗಂಟೆಯ ಓದೂ ಹೀಗೆಯೇ. ಗಂಟೆಯನ್ನು ಎಣಿಸುವುದು ಸುಲಭ, ಅದರಲ್ಲಿ ಕಳ್ಳಾಟ ಅದಕ್ಕಿಂತ ಸುಲಭ. ಪುಸ್ತಕ ತೆರೆದು ಕೂತರೂ ಗಂಟೆ ಓಡುತ್ತದೆ. ಇನ್ನು "ಮೊಬೈಲ್ ಮುಟ್ಟುವುದಿಲ್ಲ" ಎಂಬುದು ಬರೆದ ದಿನವೇ ಮುರಿಯುವ ನಿಯಮ. ಹಳೆಯ ಪ್ರಶ್ನೆಪತ್ರಿಕೆ ಬರುವುದೂ, ಮೇಷ್ಟ್ರು ನೋಟ್ಸ್ ಕಳಿಸುವುದೂ ವಾಟ್ಸಾಪಿನಲ್ಲೇ. ಮೊದಲ ದಿನವೇ ಒಂದು ನಿಯಮ ಮುರಿದ ಮೇಲೆ ಹುಡುಗನ ಮನಸ್ಸಿನಲ್ಲಿ ಇಡೀ ಕಾಗದಕ್ಕೆ ಬೆಲೆ ಹೋಗುತ್ತದೆ.

ಕರಾರು ಎಂದರೆ ಏನೆಂಬುದು ಈ ಭಾಗದ ಜನಕ್ಕೆ ಹೊಸದಾಗಿ ಹೇಳಬೇಕಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ರಾಯಚೆರ್ಲು, ಬಳಸಮುದ್ರ, ಕ್ಯಾತಗಾನಚೆರ್ಲು ಗ್ರಾಮಗಳ ರೈತರು ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟವರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ಶುರುವಾದ ಗುತ್ತಿಗೆ ಅದು. ಆ ಪತ್ರದಲ್ಲಿ "ಕಂಪನಿ ರೈತರನ್ನು ಚೆನ್ನಾಗಿ ನೋಡಿಕೊಳ್ಳತಕ್ಕದ್ದು" ಎಂದಷ್ಟೇ ಬರೆದಿದ್ದರೆ ಯಾವ ರೈತನೂ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಎಷ್ಟು ಎಕರೆ, ಎಷ್ಟು ರೂಪಾಯಿ, ಯಾರು ಯಾರಿಗೆ ಕೊಡಬೇಕು ಎಂಬುದನ್ನು ಎರಡೂ ಕಡೆಗೆ ಕಟ್ಟಿಹಾಕಿದ್ದರಿಂದ ಅದು ಕರಾರಾಯಿತು. ಜಮೀನಿನ ವಿಷಯದಲ್ಲಿ ಇಷ್ಟು ಜಾಣರಾದ ನಾವು ಮಗುವಿನ ಕೈಯಲ್ಲಿ ಮಾತ್ರ ಒಂದೇ ಕಡೆಯ ಕಾಗದ ಬರೆಸುತ್ತೇವೆ. ಹುಡುಗ ನಾಲ್ಕಕ್ಕೆ ಏಳಬೇಕು, ಸರಿ. ಅವನು ಎದ್ದ ಮೇಲೆ ಎಮ್ಮೆಗೆ ಹುಲ್ಲು ಹಾಕು, ನೀರು ತಾ ಎಂದು ಕರೆಯುವುದಿಲ್ಲವೆಂದು ಮನೆಯವರು ಎಲ್ಲಿ ಬರೆದುಕೊಟ್ಟಿದ್ದಾರೆ? ಮಾರ್ಚ್, ಏಪ್ರಿಲ್ ಎಂದರೆ ಹುಣಸೆಹಣ್ಣು ಬಡಿದು, ಬೀಜ ಬಿಡಿಸುವ ಕಾಲ. ಪರೀಕ್ಷೆಯ ಕಾಲವೂ ಅದೇ. ಮಗಳ ಕೈ ಹುಣಸೆಯ ರಾಶಿಯಲ್ಲಿರುವ ಆ ಎರಡು ಗಂಟೆಗಳ ಬಗ್ಗೆ ಒಂದು ಸಾಲೂ ಇಲ್ಲದ ಕಾಗದವನ್ನು ಕರಾರು ಎನ್ನುವುದು ಹೇಗೆ?

ಎರಡನೇ ದೋಷ ಬಹುಮಾನ ಮತ್ತು ಶಿಕ್ಷೆಯದು. ಫೋನು, ಬೈಕು, ಬೆಂಗಳೂರಿನ ಕಾಲೇಜು ಎಂಬ ಬಹುಮಾನಗಳು ತಿಂಗಳುಗಳ ಆಚೆ ನಿಂತಿರುತ್ತವೆ. ಇವತ್ತು ಸಂಜೆ ಐದಕ್ಕೆ ವಾಲಿಬಾಲ್ ಆಡಲು ಗೆಳೆಯರು ಕರೆದಾಗ ಆ ಫೋನು ಅಷ್ಟು ದೂರದಿಂದ ಹುಡುಗನ ಕೈ ಹಿಡಿದು ನಿಲ್ಲಿಸಲಾರದು. ಶಾಲಾ ಮಕ್ಕಳ ಜೊತೆ ಇಂಥ ಒಪ್ಪಂದ ಮಾಡಿಕೊಳ್ಳುವ ಪದ್ಧತಿಯ ಬಗ್ಗೆ ಲಾಯ್ಡ್ ಹೋಮ್ ಎಂಬ ಮನಶ್ಶಾಸ್ತ್ರಜ್ಞ 1970ರಲ್ಲೇ ಪುಸ್ತಕ ಬರೆದಿದ್ದಾರೆ. ಅದರ ತಿರುಳು ಈಗಲೂ ಹಳತಾಗಿಲ್ಲ: ಬಹುಮಾನ ಚಿಕ್ಕದಾಗಿರಲಿ, ಪದೇ ಪದೇ ಸಿಗಲಿ, ಕೆಲಸ ಮುಗಿದ ಕೂಡಲೇ ಸಿಗಲಿ, ಕೆಲಸಕ್ಕಿಂತ ಮೊದಲು ಮಾತ್ರ ಸಿಗದಿರಲಿ. ಹಾಗೆ ನೋಡಿದರೆ ವಾಲಿಬಾಲೇ ಬಹುಮಾನ. ಲೆಕ್ಕ ಮುಗಿದರೆ ಆಟ. ಅಪ್ಪನ ಜೇಬಿನಿಂದ ಒಂದು ರೂಪಾಯಿಯೂ ಹೋಗಬೇಕಿಲ್ಲ.

ಶಿಕ್ಷೆಯ ವಿಷಯಕ್ಕೆ ಬಂದರೆ ನಮ್ಮ ಕಾಗದಗಳು ಕ್ರೂರವಾಗುತ್ತವೆ. "ಫೇಲಾದರೆ ಓದು ಬಿಡಿಸುತ್ತೇವೆ" ಎಂಬುದು ಹುಡುಗನ ಕಾಗದದಲ್ಲಿದ್ದರೆ, "ಫೇಲಾದರೆ ಮದುವೆ ಮಾಡುತ್ತೇವೆ" ಎಂಬುದು ಹುಡುಗಿಯ ಮನೆಯಲ್ಲಿ ಬಾಯಿಮಾತಾಗಿ ಇರುತ್ತದೆ. ಹದಿನಾರರ ಹುಡುಗಿಯ ಮದುವೆ ಅಪರಾಧ, ಅದನ್ನು ಓದಿನ ಕರಾರಿನ ಶಿಕ್ಷೆಯಾಗಿ ಆಡುವವರು ಅಪರಾಧವನ್ನೇ ಮುಂದಿಟ್ಟು ಹೆದರಿಸುತ್ತಿದ್ದಾರೆ. ಅದನ್ನು ಬದಿಗಿಟ್ಟು ಬರೀ ಉಪಯೋಗದ ದೃಷ್ಟಿಯಿಂದ ನೋಡಿದರೂ ಇಂಥ ಶಿಕ್ಷೆ ಕೆಲಸಕ್ಕೆ ಬಾರದು. ಜಾರಿ ಮಾಡಿದರೆ ಬದುಕು ಹಾಳು, ಜಾರಿ ಮಾಡದಿದ್ದರೆ ಮಾತು ಹಾಳು. ಒಂದು ದಿನದ ತಪ್ಪಿಗೆ ಒಂದು ದಿನದಷ್ಟೇ ದೊಡ್ಡ ಪರಿಣಾಮ ಇರಬೇಕು. ಇಡೀ ಬದುಕಿನಷ್ಟು ದೊಡ್ಡ ಶಿಕ್ಷೆಯನ್ನು ಮಂಗಳವಾರ ತಪ್ಪಿಹೋದ ನಾಲ್ಕು ಲೆಕ್ಕಕ್ಕೆ ವಿಧಿಸಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಮಂಗಳವಾರ ಸುಮ್ಮನೆ ಕಳೆದುಹೋಗುತ್ತದೆ, ಬುಧವಾರವೂ ಹೋಗುತ್ತದೆ.

ಹಾಗಾದರೆ ದಂಡ ಇಡೋಣ, ತಪ್ಪಿದ ದಿನಕ್ಕೆ ಹತ್ತು ರೂಪಾಯಿ ಎನ್ನುವವರಿದ್ದಾರೆ. ಅವರು ಇಸ್ರೇಲಿನ ಹೈಫಾ ನಗರದ ಶಿಶುವಿಹಾರಗಳ ಕಥೆ ಕೇಳಬೇಕು. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಅಲ್ಲಿ ಕೆಲವು ಕಡೆ ಹತ್ತು ಷೆಕೆಲ್ ದಂಡ ಹಾಕಿ ನೋಡಿದರು. ಯೂರಿ ಗ್ನೀಜಿ, ಆಲ್ಡೊ ರುಸ್ಟಿಚಿನಿ ಎಂಬ ಇಬ್ಬರು 2000ದಲ್ಲಿ ಅದರ ವರದಿ ಪ್ರಕಟಿಸಿದರು. ದಂಡ ಹಾಕಿದ ಮೇಲೆ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಇಮ್ಮಡಿಯಾದರು. ಮೊದಲು ಟೀಚರನ್ನು ಕಾಯಿಸುತ್ತಿದ್ದೇವೆಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಅದು ಬೆಲೆಯಾಯಿತು, ಕೊಟ್ಟರೆ ಮುಗಿಯಿತು. ಕೊನೆಗೆ ದಂಡ ತೆಗೆದುಹಾಕಿದರೂ ಹಳೆಯ ಸಂಕೋಚ ಮರಳಿ ಬರಲಿಲ್ಲ. ಹತ್ತು ರೂಪಾಯಿ ಕೊಟ್ಟು ಒಂದು ದಿನದ ರಜೆ ಕೊಳ್ಳಬಹುದೆಂದು ಹುಡುಗನಿಗೆ ಕಲಿಸಬೇಕೆಂದರೆ ದಂಡಕ್ಕಿಂತ ಒಳ್ಳೆಯ ಪಾಠವಿಲ್ಲ.

ಪರಿಣಾಮ ಎಂಬುದು ತಪ್ಪಿದ ಕೆಲಸಕ್ಕೇ ಅಂಟಿಕೊಂಡಿರಬೇಕು. ನಿನ್ನೆಯ ನಾಲ್ಕು ಲೆಕ್ಕ ತಪ್ಪಿದ್ದರೆ ಇವತ್ತಿನ ಆಟಕ್ಕೆ ಮೊದಲು ಅವು ಆಗಬೇಕು, ಅಷ್ಟೇ. ಇದರಲ್ಲೂ ಒಂದು ಅಪಾಯವಿದೆ. ತಪ್ಪಿದ್ದನ್ನೆಲ್ಲ ಸೇರಿಸುತ್ತಾ ಹೋದರೆ ನಾಲ್ಕು ಎಂಟಾಗಿ, ಎಂಟು ಇಪ್ಪತ್ತಾಗಿ, ತೀರಿಸಲಾಗದ ಸಾಲದಂತೆ ಬೆಳೆದು ಹುಡುಗ ಪುಸ್ತಕವನ್ನೇ ಮುಚ್ಚಿಡುತ್ತಾನೆ. ಆದ್ದರಿಂದ ಬಾಕಿ ಒಂದು ದಿನದ್ದು ಮಾತ್ರ. ಅದಕ್ಕಿಂತ ಹಳೆಯದು ಮನ್ನಾ.

ಇನ್ನು ಸಾಕ್ಷಿ. ನಮ್ಮವರು ಅತಿ ಹೆಚ್ಚು ತಪ್ಪುವುದು ಇಲ್ಲೇ, ಆದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ.

ಅಪ್ಪನನ್ನು ಸಾಕ್ಷಿ ಮಾಡಬೇಡಿ ಎಂದರೆ ಹಲವರಿಗೆ ಸಿಟ್ಟು ಬರುತ್ತದೆ. ಅಪ್ಪನಿಗಿಂತ ಹಿತ ಬಯಸುವವರು ಯಾರು ಎಂದು ಕೇಳುತ್ತಾರೆ. ತೊಂದರೆ ಇರುವುದೂ ಅಲ್ಲೇ. ಮಗ ಪಾಸಾದರೆ ಅಪ್ಪನ ತಲೆ ಎತ್ತುತ್ತದೆ, ಫೇಲಾದರೆ ತಗ್ಗುತ್ತದೆ. ಫಲದಲ್ಲಿ ಇಷ್ಟು ದೊಡ್ಡ ಪಾಲಿರುವವರಿಗೆ "ಇವತ್ತು ನಾನು ಓದಲಿಲ್ಲ" ಎಂದು ಯಾವ ಹುಡುಗನೂ ಹೇಳಲಾರ. ಹೇಳಿದರೆ ಅವತ್ತಿನ ರಾತ್ರಿಯ ಊಟವೇ ಕೆಡುತ್ತದೆ. ಹೇಳದಿದ್ದರೆ ಏನೂ ಆಗುವುದಿಲ್ಲ, ಅಪ್ಪ ನೋಟ್‌ಬುಕ್ ತೆಗೆದು ನೋಡುವವರಲ್ಲ. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಫೋನಿನಲ್ಲಿ ಸಿಗುವ ಮನೆಗಳಲ್ಲಂತೂ "ಓದ್ತಾ ಇದೀಯೇನಪ್ಪ?" "ಹೂಂ ಅಪ್ಪ, ಓದ್ತಾ ಇದೀನಿ" ಎಂಬುದರಲ್ಲಿ ಸಾಕ್ಷಿಯ ಕೆಲಸ ಮುಗಿಯುತ್ತದೆ. ಇದರಲ್ಲಿ ಅಪ್ಪನ ತಪ್ಪೂ ಇಲ್ಲ, ಮಗನ ತಪ್ಪೂ ಇಲ್ಲ. ನೋಡಲಾಗದ ಕಡೆ ಇರುವವರನ್ನು ನೋಡುವ ಕೆಲಸಕ್ಕೆ ಹಾಕಿದ್ದು ತಪ್ಪು.

ಹೆಡ್ಮಾಸ್ಟರಿಗೂ ಫಲದಲ್ಲಿ ಪಾಲಿದೆ. ಶಾಲೆಯ ಶೇಕಡಾವಾರು ಫಲಿತಾಂಶಕ್ಕೆ ಅವರು ಮೇಲಿನವರಿಗೆ ಉತ್ತರ ಕೊಡಬೇಕು. ಅಲ್ಲದೆ ಮೇ ತಿಂಗಳಲ್ಲಿ ಅವರು ದಿನಾ ಕಣ್ಣಿಗೆ ಬೀಳುವುದೂ ಇಲ್ಲ. ಅದೇ ತರಗತಿಯ ಗೆಳೆಯನನ್ನು ಸಾಕ್ಷಿ ಮಾಡಿಕೊಂಡರೆ ಇನ್ನೊಂದು ಬಗೆಯ ಕೇಡು: ನನ್ನದಕ್ಕೆ ನೀನು ಸಹಿ ಹಾಕು, ನಿನ್ನದಕ್ಕೆ ನಾನು ಹಾಕುತ್ತೇನೆ. ದೇವರ ಎದುರಿಗೆ ಆಣೆ ಮಾಡಿಸುವವರೂ ಇದ್ದಾರೆ. ದಂಡಿನ ಮಾರಮ್ಮನ ಮೇಲಿನ ಭಕ್ತಿ ಅವರವರ ಮನಸ್ಸಿನ ವಿಷಯ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಆಣೆಗೆ ತಿದ್ದುಪಡಿ ಇಲ್ಲ. ಮೂರನೇ ದಿನಕ್ಕೆ ನಿಯಮ ಹೆಚ್ಚಾಯಿತೆಂದು ಗೊತ್ತಾದರೆ ಅಮ್ಮನ ಹತ್ತಿರ ಹೋಗಿ ನಾಲ್ಕನ್ನು ಮೂರು ಮಾಡಿಕೊಡು ಎಂದು ಕೇಳುವಂತಿಲ್ಲ. ಓದಿನ ಕರಾರಿಗೆ ಬೇಕಾಗಿರುವುದೇ ಆ ತಿದ್ದುಪಡಿ.

ಇಲ್ಲಿ ನನ್ನ ಎದುರು ವಾದಿಸುವವರ ಕೈಯಲ್ಲಿ ಒಂದು ಬಲವಾದ ಅಸ್ತ್ರವಿದೆ. ಅದು ನಮ್ಮ ಕರ್ನಾಟಕದ್ದೇ. ಎಮಿಲಿ ಬ್ರೆಜಾ ಮತ್ತು ಅರುಣ್ ಚಂದ್ರಶೇಖರ್ ಎಂಬ ಅರ್ಥಶಾಸ್ತ್ರಜ್ಞರು ರಾಜ್ಯದ 60 ಹಳ್ಳಿಗಳಲ್ಲಿ ಉಳಿತಾಯದ ಬಗ್ಗೆ ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ಹಳ್ಳಿಯವರು ಆರು ತಿಂಗಳಿಗೆ ತಮ್ಮ ಉಳಿತಾಯದ ಗುರಿಯನ್ನು ತಾವೇ ಗೊತ್ತುಮಾಡಿಕೊಂಡರು. ಕೆಲವರಿಗೆ ಅದೇ ಊರಿನ ಒಬ್ಬರನ್ನು ಸಾಕ್ಷಿಯ ಹಾಗೆ ನಿಲ್ಲಿಸಿದರು. ಸಾಕ್ಷಿ ಇದ್ದವರ ಉಳಿತಾಯ ಇಲ್ಲದವರದಕ್ಕಿಂತ ಸರಾಸರಿ ಶೇಕಡಾ 35ರಷ್ಟು ಹೆಚ್ಚಾಯಿತು. ಅಷ್ಟೇ ಅಲ್ಲ, ಊರಿನಲ್ಲಿ ಹೆಚ್ಚು ಜನರ ಒಡನಾಟವಿದ್ದವರು ಸಾಕ್ಷಿಯಾಗಿದ್ದಲ್ಲಿ ಉಳಿತಾಯ ಇನ್ನೂ ಹೆಚ್ಚು, ಏಕೆಂದರೆ ಅವರಿಗೆ ಗೊತ್ತಾದದ್ದು ಊರಿಗೆಲ್ಲ ಗೊತ್ತಾಗುತ್ತದೆ. ಹಾಗಿದ್ದರೆ ಊರ ದೊಡ್ಡವರನ್ನೇ ಸಾಕ್ಷಿ ಮಾಡುವುದು ಸರಿಯಲ್ಲವೇ?

ಈ ಪ್ರಯೋಗವನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಡೆದ ರೀತಿಯನ್ನು ಮಾತ್ರ ನೋಡಿ ಎನ್ನುತ್ತೇನೆ. ಅಲ್ಲಿ ಸಾಕ್ಷಿಗೆ ಸುದ್ದಿ ಮುಟ್ಟುತ್ತಿದ್ದದ್ದು ಉಳಿತಾಯ ಮಾಡುವವರ ಬಾಯಿಂದ ಅಲ್ಲ. ಪ್ರಯೋಗದ ಕಡೆಯವರು ಹದಿನೈದು ದಿನಕ್ಕೊಮ್ಮೆ ಬಂದು, ಎಷ್ಟು ಉಳಿದಿದೆ ಎಂದು ನೋಡಿ, ಅದನ್ನು ಸಾಕ್ಷಿಗೆ ತಿಳಿಸುತ್ತಿದ್ದರು. ಪಾಸ್‌ಬುಕ್ಕಿನ ಅಂಕಿ ಸುಳ್ಳು ಹೇಳುವುದಿಲ್ಲ. ಅಂದರೆ ಸಾಕ್ಷಿಯ ಬಲ ಅವರ ದೊಡ್ಡಸ್ತಿಕೆಯಲ್ಲಿ ಮಾತ್ರ ಇರಲಿಲ್ಲ, ಅವರಿಗೆ ನಿಜ ಗೊತ್ತಾಗುವ ವ್ಯವಸ್ಥೆಯಲ್ಲೂ ಇತ್ತು. ಎರಡನೆಯದಾಗಿ, ಅವರು ಎಣಿಸಿದ್ದು ಉಳಿತಾಯವನ್ನು. ಅದು ಬಹುಮಟ್ಟಿಗೆ ಉಳಿಸುವವನ ಕೈಯಲ್ಲೇ ಇರುವ ಕೆಲಸ, ಅಂಕದ ಹಾಗೆ ಬೇರೆಯವರು ಹಾಕಿಕೊಡುವುದಲ್ಲ. ಮೂರನೆಯದಾಗಿ, ಊರಲ್ಲಿ ನಂಬಿಕಸ್ಥ ಎಂಬ ಹೆಸರು ದುಡಿಯುವ ವಯಸ್ಕನಿಗೆ ಉಪಯೋಗದ ವಸ್ತು. ಆಗಲೇ ಒಮ್ಮೆ ಫೇಲಾಗಿ ತಲೆ ತಗ್ಗಿಸಿಕೊಂಡಿರುವ ಹದಿನಾರರ ಹುಡುಗನಿಗೆ ಊರ ಬಾಯಿ ಇನ್ನೊಂದು ಹೊರೆ. ಅವನು ಓದಲು ಕೂರುವ ಬದಲು ಆ ದೊಡ್ಡವರ ಮನೆಯ ಬೀದಿಯನ್ನೇ ಬಿಟ್ಟು ಸುತ್ತಿ ಹೋಗುತ್ತಾನೆ.

ಆ ಪ್ರಯೋಗದಿಂದ ನಾವು ಕಲಿಯಬೇಕಾದದ್ದು ಇದು: ಸಾಕ್ಷಿಯ ಅಭಿಪ್ರಾಯಕ್ಕೆ ಹುಡುಗನ ಮನಸ್ಸಿನಲ್ಲಿ ಬೆಲೆ ಇರಬೇಕು, ಮತ್ತು ಸಾಕ್ಷಿಗೆ ನಿಜ ಕಾಣಬೇಕು. ಇದಕ್ಕೆ ನಾನು ಇನ್ನೆರಡು ಸೇರಿಸುತ್ತೇನೆ. ಫಲದಲ್ಲಿ ಅವರಿಗೆ ಪಾಲಿರಬಾರದು, ತಪ್ಪಿದ ದಿನದ ಸುದ್ದಿಯನ್ನು ಅವರು ಹೊರಗೆ ಹಾಕಬಾರದು. ಈ ನಾಲ್ಕಕ್ಕೂ ಒಪ್ಪುವವರು ಊರಲ್ಲಿ ಸಿಗುತ್ತಾರೆ. ಪಿಯುಸಿ ಮುಗಿಸಿ ಮನೆಯಲ್ಲಿರುವ ಚಿಕ್ಕಪ್ಪನ ಮಗಳು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ದಿನಾ ಕೂರುವ ಗ್ರಂಥಪಾಲಕರು. ಸಂಜೆ ಹೇಗೂ ಹೋಗುವ ಅಂಗಡಿಯ ಅಣ್ಣ. ಓದು ಬಾರದ ಅಜ್ಜಿಯೂ ಆಗಬಹುದು. ಪುಟದಲ್ಲಿ ನಾಲ್ಕು ಲೆಕ್ಕ ಇದೆಯೋ ಇಲ್ಲವೋ ಎಂದು ಎಣಿಸಲು ಅಕ್ಷರ ಬೇಕಿಲ್ಲ. "ಇದನ್ನ ಹೆಂಗ್ ಮಾಡ್ದೆ, ಹೇಳು" ಎಂದು ಕೇಳಲು ಗಣಿತವೂ ಬೇಕಿಲ್ಲ. ಹುಡುಗ ಅರ್ಥ ಮಾಡಿಕೊಂಡು ಬಿಡಿಸಿದ್ದರೆ ಅವನ ಮಾತು ಹರಿಯುತ್ತದೆ, ಗೈಡಿನಿಂದ ಇಳಿಸಿದ್ದರೆ ತಡವರಿಸುತ್ತದೆ. ಪಾವಗಡದ ಕಡೆ ಮನೆಮಾತು ತೆಲುಗಾಗಿರುವ ಹುಡುಗಿ ಕನ್ನಡದಲ್ಲಿ ಬಿಡಿಸಿದ ಲೆಕ್ಕವನ್ನು ಅಜ್ಜಿಗೆ ತೆಲುಗಿನಲ್ಲಿ ಹೇಳಬೇಕಾಗಿ ಬಂದರೆ ಇನ್ನೂ ಒಳ್ಳೆಯದು. ಬಾಯಿಪಾಠ ಭಾಷೆ ದಾಟುವುದಿಲ್ಲ.

ಟೀಕೆ ಮಾಡಿ ಕೈ ತೊಳೆದುಕೊಳ್ಳುವುದು ಸುಲಭ. ಆದ್ದರಿಂದ ಆ ಮೂರು ವಾರಕ್ಕೆ ನಾನು ಒಪ್ಪುವ ಕಾಗದ ಹೇಗಿರುತ್ತದೆ ಎಂಬುದನ್ನು ಇಡಿಯಾಗಿ ಬರೆಯುತ್ತೇನೆ. ಹುಡುಗ ಶಿರಾ ತಾಲ್ಲೂಕಿನ ಬರಗೂರಿನ ಕಡೆಯವನು ಎನ್ನೋಣ, ಸಾಕ್ಷಿ ಅವನ ಚಿಕ್ಕಪ್ಪನ ಮಗಳು.

"ಈ ಕರಾರು ಗಣಿತಕ್ಕೆ ಮಾತ್ರ, ಇಪ್ಪತ್ತೊಂದು ದಿನಕ್ಕೆ ಮಾತ್ರ. ದಿನಾ ಬೆಳಿಗ್ಗೆ ಆರರಿಂದ ಏಳರೊಳಗೆ ಹಳೆಯ ಪ್ರಶ್ನೆಪತ್ರಿಕೆಯಿಂದ ನಾಲ್ಕು ಲೆಕ್ಕಗಳನ್ನು ಪುಸ್ತಕ ಮುಚ್ಚಿಟ್ಟು ಬಿಡಿಸುತ್ತೇನೆ. ಆಮೇಲೆ ಉತ್ತರ ನೋಡಿ ಕೆಂಪು ಪೆನ್ನಿನಲ್ಲಿ ತಿದ್ದುತ್ತೇನೆ. ತಪ್ಪಾದದ್ದನ್ನು ಮರುದಿನ ಮೊದಲ ಲೆಕ್ಕವಾಗಿ ಮತ್ತೆ ಮಾಡುತ್ತೇನೆ. ಮೊದಲ ವಾರ ಸಂಖ್ಯಾಶಾಸ್ತ್ರ ಮತ್ತು ರೇಖಾತ್ಮಕ ಸಮೀಕರಣಗಳ ನಕ್ಷೆ, ಎರಡನೇ ವಾರ ಸಮಾಂತರ ಶ್ರೇಢಿ ಮತ್ತು ವರ್ಗ ಸಮೀಕರಣ, ಮೂರನೇ ವಾರ ತ್ರಿಭುಜಗಳ ಪ್ರಮೇಯ ಮತ್ತು ಹಿಂದೆ ತಪ್ಪಾದವು. ಆರರಿಂದ ಏಳರವರೆಗೆ ಅಮ್ಮ ನನ್ನನ್ನು ಯಾವ ಕೆಲಸಕ್ಕೂ ಕರೆಯುವುದಿಲ್ಲ. ಫೋನು ಆ ಒಂದು ಗಂಟೆ ಅಮ್ಮನ ಹತ್ತಿರ. ಸಂಜೆ ಐದಕ್ಕೆ ಅಕ್ಕ ನೋಟ್‌ಬುಕ್ ನೋಡಿ, ಒಂದು ಲೆಕ್ಕ ಆರಿಸಿ, ನನ್ನ ಬಾಯಲ್ಲಿ ಹೇಳಿಸಿ, ದಿನಾಂಕ ಹಾಕಿ ಸಹಿ ಮಾಡುತ್ತಾಳೆ. ಸಹಿ ಆದ ಮೇಲೆ ಆಟ. ತಪ್ಪಿದ ದಿನ ನಿಜ ಹೇಳುತ್ತೇನೆ, ಅಕ್ಕ ಯಾರಿಗೂ ಹೇಳುವುದಿಲ್ಲ, ಮರುದಿನ ಆ ನಾಲ್ಕು ಆದ ಮೇಲೆ ಆಟ. ವಾರಕ್ಕೊಂದು ದಿನ ಬಿಡುವು, ಯಾವ ದಿನವೆಂದು ಹಿಂದಿನ ಸಂಜೆಯೇ ಹೇಳಬೇಕು. ಒಂದರ ಹಿಂದೊಂದು ಎರಡು ದಿನ ತಪ್ಪಿದರೆ ಮೂವರೂ ಕೂತು ಕರಾರು ತಿದ್ದುತ್ತೇವೆ." ಕೆಳಗೆ ಹುಡುಗ, ಅಮ್ಮ, ಅಕ್ಕ, ಮೂವರ ಸಹಿ.

ಅಂಕದ ಮಾತು ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. 80 ಅಂಕದ ಆ ಪತ್ರಿಕೆಯಲ್ಲಿ ಎಷ್ಟು ಬರುತ್ತದೋ ಅದು ಈ ದಿನಗಳ ಲೆಕ್ಕಗಳ ಹಿಂದೆ ಬರಬೇಕಾದದ್ದು. ಅಮ್ಮ ಸಾಕ್ಷಿಯಲ್ಲ, ಕರಾರಿನ ಇನ್ನೊಂದು ಕಡೆ. ಎರಡು ದಿನ ತಪ್ಪಿದರೆ ಶಿಕ್ಷೆಯಿಲ್ಲ, ತಿದ್ದುಪಡಿ ಇದೆ, ಏಕೆಂದರೆ ಸತತವಾಗಿ ತಪ್ಪಿದ್ದು ಹುಡುಗನ ಸೋಮಾರಿತನಕ್ಕಿಂತ ಹೆಚ್ಚಾಗಿ ಕರಾರಿನ ಅಂದಾಜು ತಪ್ಪೆಂದು ಹೇಳುತ್ತದೆ. ನಾಲ್ಕು ಹೆಚ್ಚಾಯಿತೇ? ಮೂರು ಮಾಡಿ. ಆರು ಗಂಟೆಗೆ ಹಾಲು ಹಾಕಲು ಡೈರಿಗೆ ಹೋಗಬೇಕೇ? ಏಳಕ್ಕೆ ತಳ್ಳಿ.

ಈ ಕಾಗದವೂ ಕೆಡಬಹುದು. ಕೆಟ್ಟಿದೆಯೆಂದು ನೋಟ್‌ಬುಕ್ಕೇ ಹೇಳುತ್ತದೆ. ಪುಟದಲ್ಲಿ ಒಂದೂ ಕಾಟು ಇಲ್ಲದೆ, ಒಂದೂ ಕೆಂಪು ಗುರುತಿಲ್ಲದೆ ಲೆಕ್ಕಗಳು ಮುದ್ದಾಗಿದ್ದರೆ ಅವು ಗೈಡಿನಿಂದ ಬಂದವು. ಆರು ದಿನದ ಸಹಿ ಒಂದೇ ಪೆನ್ನಿನಲ್ಲಿ, ಒಂದೇ ವಾಲಿಕೆಯಲ್ಲಿದ್ದರೆ ಅಕ್ಕ ಭಾನುವಾರ ಒಟ್ಟಿಗೆ ಹಾಕಿದ್ದಾಳೆ. ದಿನಾ ಸರಾಸರಿ ಕಂಡುಹಿಡಿಯುವ ಲೆಕ್ಕವೇ ಬರುತ್ತಿದ್ದರೆ ಹುಡುಗ ತನಗೆ ಬರುವುದನ್ನೇ ಮಾಡಿ ಆಟಕ್ಕೆ ಓಡುತ್ತಿದ್ದಾನೆ. ಇಂಥ ಕಡೆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಲೆಕ್ಕ ಆರಿಸುವ ಕೆಲಸವನ್ನು ಅಕ್ಕನಿಗೆ ಕೊಟ್ಟರೆ ಮೂರನೆಯದು ಸರಿಹೋಗುತ್ತದೆ. ಅಕ್ಕನಿಗೆ ಬಿಡುವಿಲ್ಲದಿದ್ದರೆ ಸಾಕ್ಷಿಯನ್ನೇ ಬದಲಿಸಬೇಕು. ಸಾಕ್ಷಿ ಬದಲಾದರೆ ಅವಮಾನವೆಂದು ಯಾರೂ ತಿಳಿಯಬೇಕಿಲ್ಲ.

ಕರಾರಿನಿಂದ ಆಗದ ಕೆಲಸವೂ ಇದೆ, ಅದನ್ನು ಮುಚ್ಚಿಡಬಾರದು. ಕೂಡಿಸುವಾಗ ಛೇದವನ್ನು ಏನು ಮಾಡಬೇಕೆಂದೇ ತಿಳಿಯದ ಹುಡುಗನಿಗೆ ವರ್ಗ ಸಮೀಕರಣವನ್ನು ಯಾವ ಕಾಗದವೂ ಕಲಿಸಲಾರದು. ನಾಲ್ಕರಲ್ಲಿ ನಾಲ್ಕೂ ವಾರವಿಡೀ ತಪ್ಪಾಗುತ್ತಿದ್ದರೆ ಅವನಿಗೆ ಬೇಕಿರುವುದು ಶಿಸ್ತಲ್ಲ, ಕಲಿಸುವವರು. ಅವನ ದಿನದಲ್ಲಿ ಒಂದು ಗಂಟೆಯೂ ಅವನದಲ್ಲವಾದರೆ ಬೇಕಿರುವುದು ಆ ಗಂಟೆ. ಇದನ್ನು ತೋರಿಸಿಕೊಡುವುದೂ ಒಳ್ಳೆಯ ಕರಾರಿನ ಉಪಯೋಗವೇ. ಹತ್ತು ಗಂಟೆ, ಎಪ್ಪತ್ತು ಅಂಕ ಎಂದು ಬರೆದ ಕಾಗದ ಸೋತಾಗ ಹುಡುಗ ಸೋಮಾರಿ ಎಂಬ ತೀರ್ಪು ಒಂದೇ ಉಳಿಯುತ್ತದೆ. ನಾಲ್ಕು ಲೆಕ್ಕದ ಕಾಗದ ಸೋತಾಗ ಯಾವ ಅಧ್ಯಾಯದಲ್ಲಿ, ಯಾವ ದಿನ, ಏತಕ್ಕೆ ಸೋತಿತು ಎಂಬುದು ಬರೆದಿಟ್ಟಂತೆ ಕಾಣುತ್ತದೆ.

ಇಷ್ಟು ಸಡಿಲ ಬಿಟ್ಟರೆ ಮಕ್ಕಳು ಕೈತಪ್ಪಿ ಹೋಗುತ್ತಾರೆ, ಹೆದರಿಕೆ ಇರಬೇಕು ಎಂದು ಇನ್ನೂ ಹೇಳುವವರಿಗೆ ನನ್ನದು ಒಂದೇ ಮಾತು. ಇಲ್ಲಿ ಸಡಿಲವಾದದ್ದು ಹೆದರಿಕೆ ಮಾತ್ರ, ತಪಾಸಣೆ ಬಿಗಿಯಾಗಿದೆ. ನಿಮ್ಮ ಕಾಗದವನ್ನು ಪರೀಕ್ಷೆಯ ಫಲಿತಾಂಶ ಬಂದ ದಿನ ಒಮ್ಮೆ ನೋಡುತ್ತೀರಿ, ಅಷ್ಟರಲ್ಲಿ ಏನನ್ನೂ ತಿದ್ದಲು ಬರುವುದಿಲ್ಲ. ಈ ಕಾಗದವನ್ನು ಪ್ರತಿ ಸಂಜೆ ಎರಡು ನಿಮಿಷ ನೋಡುತ್ತಾರೆ, ಕೆಟ್ಟದ್ದು ಮರುದಿನವೇ ಗೊತ್ತಾಗುತ್ತದೆ. ಶಿಸ್ತು ಬೇಕೆನ್ನುವವರು ಮೊದಲು ಆ ಎರಡು ನಿಮಿಷ ಕೊಡುವವರನ್ನು ಹುಡುಕಲಿ. ಅಂಥವರು ಸಿಗುವವರೆಗೆ ಮಗುವಿನ ಕೈಯಲ್ಲಿ ಯಾವ ಕಾಗದವನ್ನೂ ಬರೆಸಬೇಡಿ.